ಆಷಾಢಕ್ಕೆ ಬಡ್ಡಿ, ಮುಹೂರ್ತಕ್ಕೆ ಉಗ್ರಾಣ: ಹಿರಿಯ ನಾಗರಿಕರ ಇಲಾಖೆಗೆ ಒಂದು ಬಹಿರಂಗ ಪತ್ರ

ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಧಿಕಾರಿಗಳಿಗೆ, ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದವರಿಗೆ, ಹಾಗೆಯೇ ಅರವತ್ತು ದಾಟಿದ ನನ್ನ ಓರಗೆಯವರಿಗೆ ನಮಸ್ಕಾರ.

ನಾನು ದಾವಣಗೆರೆಯವನು. ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿ, ಅರವತ್ತು ತುಂಬಿದಾಗ ನಿವೃತ್ತನಾದೆ. ಬಿಪಿ ಇಲ್ಲ, ಶುಗರ್ ಇಲ್ಲ. ದಿನಕ್ಕೆ ಐದು ಕಿಲೋಮೀಟರ್ ನಡೆಯುತ್ತೇನೆ. ಆದರೆ ಸ್ಮಾರ್ಟ್‌ಫೋನ್ ಕೈಗೆ ಬಂದರೆ ಬೆರಳು ತಡವರಿಸುತ್ತದೆ. ಮಗ ಒಂದು ಕೊಡಿಸಿದ್ದ. ಆರು ತಿಂಗಳು ಪ್ರಯತ್ನಪಟ್ಟೆ. ಎಲ್ಲಿ ಒತ್ತಿದರೆ ದುಡ್ಡು ಹೋಗಿಬಿಡುತ್ತದೋ ಅನ್ನುವ ಭಯ ಹೋಗಲೇ ಇಲ್ಲ. ಅದನ್ನು ಸೊಸೆಗೆ ಕೊಟ್ಟು ಕೀಪ್ಯಾಡ್ ಫೋನಿಗೇ ವಾಪಸ್ ಬಂದೆ. ಈ ಪತ್ರವನ್ನೂ ಕಾಗದದ ಮೇಲೆ ಬರೆದಿದ್ದೇನೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ನನ್ನಂಥವರು ಊರಿಗೆ ನೂರಾರು ಜನ ಇದ್ದಾರೆ. ಕೈಕಾಲು ಗಟ್ಟಿ ಇದೆ, ಕೆಲಸ ಗೊತ್ತಿದೆ, ಫೋನ್ ಗೊತ್ತಿಲ್ಲ. ನಮ್ಮ ಸಂಪಾದನೆಗೆ ಈಗಲೂ ಯಾವ ದಾರಿ ಇದೆ, ಅದರಲ್ಲಿ ಎಲ್ಲಿ ಕಲ್ಲು ಬಿದ್ದಿದೆ ಅನ್ನುವುದನ್ನು ನನ್ನ ಲೆಕ್ಕವನ್ನೇ ಮುಂದಿಟ್ಟು ಹೇಳುತ್ತೇನೆ.

ಸ್ವಂತ ಮನೆ ಇದೆ. ನಾನು, ನನ್ನ ಹೆಂಡತಿ ಇಬ್ಬರೇ. ತಿಂಗಳಿಗೆ 15,000 ರೂಪಾಯಿ ಬೇಕು. ಪಿಎಫ್ ಪಿಂಚಣಿ 2,650 ಬರುತ್ತದೆ. ಮಗಳ ಮದುವೆ ಆದ ಮೇಲೆ ಪಿಎಫ್, ಗ್ರಾಚ್ಯುಟಿ ಎರಡೂ ಸೇರಿ ಉಳಿದಿದ್ದು 9 ಲಕ್ಷ. ಇಷ್ಟರಲ್ಲಿ ಹೇಗೆ ಬದುಕೋದು ಅನ್ನೋದೇ ಪ್ರಶ್ನೆ ಆಗಿತ್ತು.

ಮೊದಲು ಸೆಕ್ಯುರಿಟಿ ಕೆಲಸಕ್ಕೆ ಹೋದೆ. ಅರವತ್ತು ದಾಟಿದವರಿಗೆ ಎಲ್ಲರೂ ತೋರಿಸುವ ದಾರಿ ಅದೇ ತಾನೇ? ಒಂದು ಗೋಡೌನಿನಲ್ಲಿ ರಾತ್ರಿ ಪಾಳಿ, 12 ಗಂಟೆ. ಅಲ್ಲಿ ಹಾಜರಿ ಪುಸ್ತಕ ಇಲ್ಲ. ರಾತ್ರಿ ಎರಡು ಗಂಟೆಗೊಮ್ಮೆ ಫೋನಿನಲ್ಲಿ ಸೆಲ್ಫಿ ತೆಗೆದು ಆ್ಯಪ್‌ಗೆ ಹಾಕಬೇಕು. ಹಾಕದಿದ್ದರೆ ಗೈರುಹಾಜರಿ. ಇಡೀ ರಾತ್ರಿ ಎಚ್ಚರ ಇದ್ದು ಮೂರು ದಿನದ ಕೂಲಿ ಕಳೆದುಕೊಂಡೆ. 17ನೇ ದಿನ ಬಿಟ್ಟೆ. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳ 2005ರ ಕಾಯ್ದೆಯ ಪ್ರಕಾರ ಏಜೆನ್ಸಿಯವರು 65 ತುಂಬಿದವರನ್ನು ಕಾವಲಿಗೆ ಇಟ್ಟುಕೊಳ್ಳುವಂತಿಲ್ಲ. ಅಂದರೆ ಅರವತ್ತಕ್ಕೆ ಸೇರಿದರೂ ಐದೇ ವರ್ಷ. ಅದಾದ ಮೇಲೆ ಮತ್ತೆ ಹುಡುಕಾಟ. ಆರೋಗ್ಯವಂತನಿಗೆ ಅದು ಒಳ್ಳೆಯ ಆಯ್ಕೆ ಅಂತ ನನಗೆ ಅನಿಸುವುದಿಲ್ಲ. ರಾತ್ರಿ ನಿದ್ದೆ ಕೆಟ್ಟರೆ ಇರುವ ಆರೋಗ್ಯವೂ ಹೋಗುತ್ತದೆ.

ಇನ್ನು 9 ಲಕ್ಷದ ವಿಚಾರ. ನನ್ನ ಗೆಳೆಯನೊಬ್ಬ ಜಾಸ್ತಿ ಬಡ್ಡಿ ಸಿಗುತ್ತದೆ ಅಂತ ಒಂದು ಪತ್ತಿನ ಸಹಕಾರ ಸಂಘದಲ್ಲಿ 4 ಲಕ್ಷ ಇಟ್ಟಿದ್ದ. ಶೇಕಡ 12 ಅಂದಿದ್ದರು. ಎರಡು ವರ್ಷ ಕೊಟ್ಟರು. ಆಮೇಲೆ ಬಾಗಿಲು ಹಾಕಿದರು. ಬ್ಯಾಂಕಿನಲ್ಲಿಟ್ಟ ಹಣಕ್ಕೆ 5 ಲಕ್ಷದ ತನಕ ಠೇವಣಿ ವಿಮೆ ಇರುತ್ತದೆ, ಸಹಕಾರಿ ಬ್ಯಾಂಕಿಗೂ ಇರುತ್ತದೆ. ಆದರೆ ಪತ್ತಿನ ಸಂಘಕ್ಕೆ, ಸೌಹಾರ್ದ ಪತ್ತಿನ ಸಂಘಕ್ಕೆ ಆ ವಿಮೆ ಇಲ್ಲ. ಬೋರ್ಡಿನಲ್ಲಿ 'ಬ್ಯಾಂಕ್' ಅಂತ ಇದೆಯೋ 'ಸಂಘ' ಅಂತ ಇದೆಯೋ ಎಂದು ನೋಡದೆ ಅವನು ಹೋಗಿಬಿಟ್ಟ. ನಮ್ಮ ವಯಸ್ಸಿನಲ್ಲಿ ಹೋದ ದುಡ್ಡನ್ನು ಮತ್ತೆ ದುಡಿಯಲು ಕಾಲ ಇರುವುದಿಲ್ಲ.

ನಾನು 1 ಲಕ್ಷವನ್ನು ಆಸ್ಪತ್ರೆ ಖರ್ಚಿಗೆ ಅಂತ ಉಳಿತಾಯ ಖಾತೆಯಲ್ಲೇ ಬಿಟ್ಟೆ. ಉಳಿದ 8 ಲಕ್ಷವನ್ನು 2023ರ ಜುಲೈನಲ್ಲಿ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆ. ಆಗ ಬಡ್ಡಿ ಶೇಕಡ 8.2 ಇತ್ತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ನೋಡುತ್ತದೆ ನಿಜ. ಆದರೆ ನಾವು ಇಟ್ಟ ದಿನದ ದರ ನಮಗೆ ಐದು ವರ್ಷವೂ ಬದಲಾಗುವುದಿಲ್ಲ. ಖಾತೆ ತೆರೆಯಲು ಕೌಂಟರಿನಲ್ಲಿ ಫಾರಂ, ಆಧಾರ್, ಪ್ಯಾನ್, ಫೋಟೊ, ಒಂದು ಚೆಕ್. ಅಷ್ಟೇ. ಪಾಸ್‌ಬುಕ್ ಕೈಗೆ ಕೊಟ್ಟರು. ಎಲ್ಲಿಯೂ ಯಾರೂ ಸ್ಮಾರ್ಟ್‌ಫೋನ್ ಕೇಳಲಿಲ್ಲ. ನಾಮಿನಿ ಹೆಸರು ಬರೆಸುವುದನ್ನು ಮಾತ್ರ ಮರೆಯಬೇಡಿ.

8 ಲಕ್ಷಕ್ಕೆ ವರ್ಷಕ್ಕೆ 65,600 ಬಡ್ಡಿ. ಅದನ್ನು ತಿಂಗಳು ತಿಂಗಳು ಕೊಡುವುದಿಲ್ಲ. ಮೂರು ತಿಂಗಳಿಗೊಮ್ಮೆ 16,400. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ ಮೊದಲಲ್ಲಿ ಉಳಿತಾಯ ಖಾತೆಗೆ ಬೀಳುತ್ತದೆ. ಈ ನಾಲ್ಕು ತಿಂಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮುಖ್ಯ ಆಗುತ್ತದೆ. ನಡುವೆ ಮುರಿದರೆ ನಷ್ಟ ಇದೆ. ಒಂದು ವರ್ಷದೊಳಗೆ ತೆಗೆದರೆ ಕೊಟ್ಟ ಬಡ್ಡಿಯನ್ನೇ ಹಿಡಿದುಕೊಳ್ಳುತ್ತಾರೆ. ಒಂದರಿಂದ ಎರಡು ವರ್ಷದಲ್ಲಿ ತೆಗೆದರೆ ಅಸಲಿನಲ್ಲಿ ಶೇಕಡ ಒಂದೂವರೆ, ಅಂದರೆ ನನಗೆ 12,000 ಹೋಗುತ್ತದೆ. ಎರಡು ವರ್ಷ ದಾಟಿದ ಮೇಲೆ ಶೇಕಡ ಒಂದು, ಅಂದರೆ 8,000. ಅದಕ್ಕೇ ಆಸ್ಪತ್ರೆ ದುಡ್ಡನ್ನು ಇದರಲ್ಲಿ ಸೇರಿಸಬಾರದು ಅಂತ ಹೇಳಿದ್ದು.

ಪಿಂಚಣಿ ವರ್ಷಕ್ಕೆ 31,800, ಬಡ್ಡಿ 65,600, ಒಟ್ಟು 97,400. ಬೇಕಾಗಿರುವುದು 1,80,000. ಇನ್ನೂ 82,600 ನಾನೇ ದುಡಿಯಬೇಕು. ತಿಂಗಳಿಗೆ ಏಳು ಸಾವಿರದ ಹತ್ತಿರ. ದಿನಾ ಬೆಳಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಬರುವ ನೌಕರಿ ಇದಕ್ಕೆ ಬೇಕಾಗಿಲ್ಲ. ಗೊತ್ತಿರುವ ಕೆಲಸಕ್ಕೆ ಆಗಾಗ ಕರೆದರೂ ಸಾಕು.

ನನಗೆ ಗೊತ್ತಿದ್ದದ್ದು ಸ್ಟೋರ್ಸ್. ಬಂದ ಮಾಲು ತೂಗಿ ಒಳಗಿಡುವುದು, ಬೇಕಾದಷ್ಟು ಕೊಡುವುದು, ಬರೆದಿಡುವುದು. ನಮ್ಮ ಬೀದಿಯವರ ಮನೆಯ ಮದುವೆಯೊಂದರಲ್ಲಿ ಉಗ್ರಾಣ ನೋಡಿಕೊಳ್ಳಬೇಕಿದ್ದ ಚಿಕ್ಕಪ್ಪನಿಗೆ ಜ್ವರ ಬಂತು. "ಅಣ್ಣಾ, ನೀವೇ ಕೂತ್ಕೊಳ್ಳಿ" ಅಂದರು. ಕೂತೆ. ಮದುವೆ ಮುಗಿದಾಗ ಒಡೆಯದ ಎರಡು ಎಣ್ಣೆ ಡಬ್ಬ, ತೊಗರಿಬೇಳೆ, ಸಕ್ಕರೆ, ಗೋಡಂಬಿ ಎಲ್ಲ ಉಳಿದಿತ್ತು. ಅಂಗಡಿಗೆ ವಾಪಸ್ ಕೊಟ್ಟಾಗ 7,400 ರೂಪಾಯಿ ಬಂತು. ಮನೆಯವರು ನನ್ನ ಕೈಗೆ 1,500 ಇಟ್ಟರು. ಕೆಲಸ ಸಿಕ್ಕಿತು ಅಂತ ನನಗೆ ಅವತ್ತೇ ಅನಿಸಿತು.

ಹಿಂದೆ ಉಗ್ರಾಣಕ್ಕೆ ಮನೆಯ ಹಿರಿಯರೇ ಕೂರುತ್ತಿದ್ದರು. ಈಗ ಕುಟುಂಬ ಚಿಕ್ಕದಾಗಿದೆ. ಎಲ್ಲರಿಗೂ ಫೋಟೊಕ್ಕೆ ನಿಲ್ಲಬೇಕು, ಬಂದವರನ್ನು ಮಾತಾಡಿಸಬೇಕು. ಉಗ್ರಾಣದ ಬೀಗದ ಕೈ ಅಡುಗೆಯವರ ಕೈಗೇ ಹೋಗುತ್ತದೆ. ಅಡುಗೆಯವರು ಕೆಟ್ಟವರು ಅಂತಲ್ಲ. ಅವರ ಗಮನ ಒಲೆಯ ಮೇಲಿರುತ್ತದೆ, ಕಡಿಮೆ ಬೀಳಬಾರದು ಅಂತ ಎಲ್ಲ ಡಬ್ಬವನ್ನೂ ಒಡೆದಿಡುತ್ತಾರೆ. ಆ ಜಾಗದಲ್ಲಿ ನಂಬಿಕಸ್ಥ ಹಿರಿಯರೊಬ್ಬರು ಬೇಕು. ಹೆಸರಿಗೆ ಹಿರಿಯರಾದರೆ ಸಾಲದು, ಲೆಕ್ಕ ಬರಬೇಕು.

ಕೆಲಸ ಹೇಗಿರುತ್ತದೆ ಅಂದರೆ, ಹಿಂದಿನ ದಿನ ಮಧ್ಯಾಹ್ನವೇ ಮಂಟಪಕ್ಕೆ ಹೋಗುತ್ತೇನೆ. ದಿನಸಿ ಬಂದಾಗ ಅಡುಗೆಯವರ ಪಟ್ಟಿ ಕೈಯಲ್ಲಿ ಹಿಡಿದು ಒಂದೊಂದನ್ನೂ ತೂಗಿಸುತ್ತೇನೆ. ಪಾತ್ರೆ ಅಂಗಡಿಯಿಂದ ಬಂದ ಕೊಪ್ಪರಿಗೆ, ಬಕೆಟ್, ಸೌಟು, ಲೋಟ ಎಲ್ಲ ಎಣಿಸಿ, ತಂದ ಹುಡುಗನ ಸಹಿ ಹಾಕಿಸಿಕೊಳ್ಳುತ್ತೇನೆ. ಸಿಲಿಂಡರ್ ತುಂಬಿದ್ದು ಎಷ್ಟು, ಖಾಲಿ ಎಷ್ಟು ಬರೆಯುತ್ತೇನೆ. ಆಮೇಲೆ ಅಡುಗೆಗೆ ಕೊಡುವುದು. ಇಲ್ಲಿಯೇ ಜಾಣತನ ಇರೋದು. 500 ಜನದ ಊಟಕ್ಕೆ 50 ಕಿಲೋ ಅಕ್ಕಿ ತಂದಿದ್ದರೆ ಮೊದಲಿಗೆ 30 ಕಿಲೋ ಮಾತ್ರ ಕೊಡುತ್ತೇನೆ. ಮೊದಲ ಪಂಕ್ತಿ ಏಳುವ ಹೊತ್ತಿಗೆ ಎಷ್ಟು ಎಲೆ ಹಾಕಿದರು, ಅನ್ನ ಎಷ್ಟು ಉಳಿಯಿತು ಅಂತ ನೋಡಿ ಮುಂದಿನದು ಕೊಡುವುದು. ಬಿಸಿನೀರು ಕಾದೇ ಇರಬೇಕು, ಇಲ್ಲದಿದ್ದರೆ ಎರಡನೇ ಪಾತ್ರೆ ಅನ್ನ ತಡವಾಗಿ ಮನೆಯವರ ಮರ್ಯಾದೆ ಹೋಗುತ್ತದೆ.

ಬಾಳೆ ಎಲೆಯ ಲೆಕ್ಕ ಎಲ್ಲಕ್ಕಿಂತ ದೊಡ್ಡದು. 550 ಎಲೆ ತಂದು, ಕೊನೆಗೆ 90 ಉಳಿದು, 10 ಹರಿದದ್ದು ಅಂತ ಬದಿಗಿಟ್ಟರೆ ಊಟ ಮಾಡಿದವರು 450. ಎಲೆಗೆ ಇಷ್ಟು ಅಂತ ಅಡುಗೆಯವರ ಜತೆ ಮಾತಾಗಿದ್ದರೆ, ಕೊನೆಯಲ್ಲಿ ಜಗಳ ಬರುವುದು ಇದೇ ಸಂಖ್ಯೆಗೆ. ಎಲೆಯನ್ನು ಉಗ್ರಾಣದಿಂದ ಐವತ್ತರ ಕಟ್ಟಿನಲ್ಲಿ ಬರೆದು ಕೊಟ್ಟಿದ್ದರೆ ಜಗಳಕ್ಕೆ ಜಾಗವೇ ಇರುವುದಿಲ್ಲ.

ತಪ್ಪಾಗುವುದೂ ಇದೆ. ಮೊದಮೊದಲು ಒಂದು ಮದುವೆಯಲ್ಲಿ ಪಾತ್ರೆಗಳನ್ನು ಬರುವಾಗ ಎಣಿಸಲಿಲ್ಲ. ಹೋಗುವಾಗ 14 ಸೌಟು ಕಡಿಮೆ ಅಂದರು. ನನ್ನ ದುಡ್ಡಿನಲ್ಲೇ ಹಿಡಿದುಕೊಂಡರು. ಅವು ಬಂದೇ ಇರಲಿಲ್ಲ ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಸಹಿ ಹಾಕಿಸುವ ಪದ್ಧತಿ ಅಲ್ಲಿಂದ ಶುರುವಾಯಿತು. ವಾಪಸ್ ಕೊಡುವ ದಿನಸಿಯ ವಿಚಾರವನ್ನೂ ಅಂಗಡಿಯವರ ಜತೆ ಮೊದಲೇ ಮಾತಾಡಿಸಬೇಕು. ಸೀಲ್ ಒಡೆಯದ್ದನ್ನು ಮಾತ್ರ ತಗೋತಾರೆ. ಮೂಟೆ ಎತ್ತುವ ಕೆಲಸಕ್ಕೆ ಮಾತ್ರ ನಾನು ಹೋಗುವುದಿಲ್ಲ. ಅದಕ್ಕೆ ಮಂಟಪದ ಹುಡುಗರನ್ನೇ ಕರೆಯುತ್ತೇನೆ. ಎಷ್ಟೇ ಗಟ್ಟಿ ಇದ್ದರೂ ಈ ವಯಸ್ಸಿನ ಬೆನ್ನಿಗೆ ಒಂದು ಸಲ ಪೆಟ್ಟಾದರೆ ಎರಡು ತಿಂಗಳ ಸಂಪಾದನೆ ಹೋಯಿತು.

ದುಡ್ಡು ತಗೊಳ್ಳುವುದರಲ್ಲೂ ಒಂದು ಪಾಠ ಕಲಿತೆ. ಎರಡು ದಿನದ ಮದುವೆಗೆ ಈಗ 1,800 ತಗೋತೇನೆ. ಅರ್ಧ ಮೊದಲ ದಿನ, ಉಳಿದದ್ದು ಮಂಟಪ ಬಿಡುವ ಮೊದಲು. ಒಬ್ಬರು "ಫೋನಲ್ಲಿ ಹಾಕಿದ್ದೀನಿ ಯಜಮಾನ್ರೇ" ಅಂತ ತಮ್ಮ ಪರದೆ ತೋರಿಸಿ ಕಳಿಸಿದರು. ನನಗೆ ಅದು ಓದಲು ಬರಲಿಲ್ಲ, ನಂಬಿದೆ. ವಾರದ ಮೇಲೆ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಏನೂ ಬಂದಿರಲಿಲ್ಲ. ಈಗ ಒಂದು ಸಣ್ಣ ಚೀಟಿಯಲ್ಲಿ ನನ್ನ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಬರೆದು ಇಟ್ಟುಕೊಂಡಿದ್ದೇನೆ. ಯಾರಿಗೆ ಫೋನಿನಲ್ಲೇ ಹಾಕಬೇಕೋ ಅವರಿಗೆ ಅದನ್ನು ಕೊಡುತ್ತೇನೆ. ಖಾತೆಗೆ ಬಿದ್ದರೆ ನನ್ನ ಕೀಪ್ಯಾಡ್ ಫೋನಿಗೂ ಬ್ಯಾಂಕಿನ ಮೆಸೇಜು ಬರುತ್ತದೆ. ಅದು ಬರುವ ತನಕ ಮಂಟಪದಲ್ಲೇ ಕೂತಿರುತ್ತೇನೆ. ಮೆಸೇಜು ಕೂಡ ಸುಳ್ಳು ಇರಬಹುದು, ಹಾಗಾಗಿ ವಾರಕ್ಕೊಮ್ಮೆ ಪಾಸ್‌ಬುಕ್ ನೋಡುವುದು ಬಿಟ್ಟಿಲ್ಲ.

ಕೆಲಸ ಹುಡುಕಲು ನನಗೆ ಆ್ಯಪ್ ಬೇಕಾಗಲಿಲ್ಲ. ಮದುವೆ ಗೊತ್ತಾದ ಮನೆಯವರು ಮೊದಲು ಹೋಗುವುದು ನಾಲ್ಕು ಕಡೆ: ಮಂಟಪದ ಮ್ಯಾನೇಜರು, ಪುರೋಹಿತರು, ಪಾತ್ರೆ ಅಂಗಡಿ, ದಿನಸಿ ಅಂಗಡಿ. ಆ ನಾಲ್ಕೂ ಕಡೆ ಹೋಗಿ ನನ್ನ ಹೆಸರು, ಫೋನ್ ನಂಬರ್ ಬರೆದು ಕೊಟ್ಟು ಬಂದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮುಹೂರ್ತದ ದಿನಗಳಿಗೆ ಗುರುತು ಹಾಕಿ ಒಪ್ಪಿಕೊಂಡದ್ದನ್ನು ಬರೆಯುತ್ತೇನೆ.

ಹೋದ ವರ್ಷ 36 ಮದುವೆ ಸಿಕ್ಕಿತು, 64,800 ರೂಪಾಯಿ. ಒಂದು ದಿನದ ಗೃಹಪ್ರವೇಶ ಒಂಬತ್ತು, ತಲಾ 900ರಂತೆ 8,100. ಮಾರ್ಚ್ ಕೊನೆಗೆ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಸ್ಟಾಕ್ ಎಣಿಸಲು 12 ದಿನ ಹೋದೆ, ದಿನಕ್ಕೆ 500. ಒಟ್ಟು 78,900. ಬೇಕಿದ್ದ 82,600ಕ್ಕೆ 3,700 ಕಡಿಮೆ ಬಿತ್ತು. ಉಳಿತಾಯದಿಂದ ತೆಗೆದೆ.

ಮದುವೆ ಕೆಲಸದ ದೊಡ್ಡ ತೊಂದರೆ ಅದು ವರ್ಷವಿಡೀ ಇರುವುದಿಲ್ಲ. ಆಷಾಢದಲ್ಲಿ ಮುಹೂರ್ತ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಅಧಿಕ ಮಾಸ ಬಂದರೆ ಇನ್ನೊಂದು ತಿಂಗಳು ಹೋಯಿತು. ಈಗ ಆ ಬಡ್ಡಿಯ ತಿಂಗಳುಗಳನ್ನು ನೋಡಿ. ಆಷಾಢದ ಹೊತ್ತಿಗೆ ಜುಲೈ ಬಡ್ಡಿ. ಪಿತೃಪಕ್ಷದ ಹತ್ತಿರಕ್ಕೆ ಅಕ್ಟೋಬರ್ ಬಡ್ಡಿ. ಧನುರ್ಮಾಸದ ನಡುವೆ ಜನವರಿ ಬಡ್ಡಿ. ಕೆಲಸ ನಿಂತಾಗ ಅಂಚೆ ಕಚೇರಿಯ 16,400 ಬರುತ್ತದೆ. ನಾನು ಇದನ್ನು ಮೊದಲೇ ಲೆಕ್ಕ ಹಾಕಿರಲಿಲ್ಲ. ಎರಡನೇ ಆಷಾಢದಲ್ಲಿ, ಸಾಲ ಮಾಡದೆ ತಿಂಗಳು ಕಳೆದಾಗ, ನನ್ನ ಹೆಂಡತಿ ಡೈರಿ ನೋಡಿ ಹೇಳಿದಳು. ಅವಳು ಹೇಳಿದ ಮೇಲೆ ಬಡ್ಡಿಯನ್ನು ಮುಹೂರ್ತದ ತಿಂಗಳಿನಲ್ಲಿ ಮುಟ್ಟುವುದನ್ನೇ ಬಿಟ್ಟೆವು. ಏಪ್ರಿಲ್‌ನದು ಮಾತ್ರ ಮದುವೆಗಳ ಕಾಲದಲ್ಲಿ ಬರುತ್ತದೆ. ಅದನ್ನು ಮನೆ ಕಂದಾಯಕ್ಕೆ, ಮಳೆಗಾಲದ ರಿಪೇರಿಗೆ ಇಡುತ್ತೇವೆ.

ಎಲ್ಲರೂ ಉಗ್ರಾಣಕ್ಕೆ ಬನ್ನಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಬೀದಿಯಲ್ಲೇ ನಿವೃತ್ತ ಟೀಚರಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳುತ್ತಾರೆ. ಇನ್ನೊಬ್ಬರು ಸೀರೆಗೆ ಕುಚ್ಚು ಕಟ್ಟುತ್ತಾರೆ. ಅವರಿಗೂ ಪರೀಕ್ಷೆ ಮುಗಿದ ಮೇಲೆ, ಹಬ್ಬ ಮುಗಿದ ಮೇಲೆ ಖಾಲಿ ತಿಂಗಳು ಬರುತ್ತದೆ. ಓರಗೆಯವರಿಗೆ ನನ್ನ ಮಾತು ಇಷ್ಟೇ. ಹಳೆಯ ಕೆಲಸದಲ್ಲಿ ಕೈಗೆ ಹತ್ತಿದ್ದನ್ನು ಹಿಡಿಯಿರಿ. ಆಮೇಲೆ ಅದರ ಖಾಲಿ ತಿಂಗಳುಗಳು ಯಾವುವು ಅಂತ ಬರೆದುಕೊಂಡು ಬಡ್ಡಿ ಬರುವ ತಿಂಗಳ ಪಕ್ಕದಲ್ಲಿಟ್ಟು ನೋಡಿ. ಎರಡೂ ಕೂಡದಿದ್ದರೆ ಅಂಚೆ ಕಚೇರಿಯಲ್ಲೇ ತಿಂಗಳು ತಿಂಗಳು ಬಡ್ಡಿ ಕೊಡುವ ಮಾಸಿಕ ಆದಾಯ ಯೋಜನೆಯೂ ಇದೆ. ದರ ಸ್ವಲ್ಪ ಕಡಿಮೆ.

ಈಗ ಅಧಿಕಾರಿಗಳಲ್ಲಿ ನನ್ನ ಕೋರಿಕೆ.

ಕೆಲಸ ಬೇಕಾದ ಹಿರಿಯರಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ 'ಸೇಕ್ರೆಡ್' ಎಂಬ ಪೋರ್ಟಲ್ ಶುರು ಮಾಡಿದೆ. ಒಳ್ಳೆಯ ಯೋಚನೆ. ಆದರೆ ಅದರಲ್ಲಿ ಹೆಸರು ಬರೆಸಲು ವೆಬ್‌ಸೈಟಿಗೇ ಹೋಗಬೇಕು. ಇನ್ನೊಂದು ಕಡೆ ಹಿರಿಯರ ಸಹಾಯವಾಣಿ 14567 ಇದೆ. ಯಾವ ಫೋನಿನಿಂದಲೂ ಕರೆ ಮಾಡಬಹುದು, ದುಡ್ಡಿಲ್ಲ. ಈ ಎರಡನ್ನೂ ಜೋಡಿಸಿ ಅಂತ ಕೇಳುತ್ತೇನೆ. ನಾನು 14567ಕ್ಕೆ ಕರೆ ಮಾಡಿ, ನನಗೆ ಇಷ್ಟು ವಯಸ್ಸು, ಈ ಊರು, ಈ ಕೆಲಸ ಬರುತ್ತದೆ ಅಂತ ಬಾಯಲ್ಲಿ ಹೇಳಿದರೆ ಆ ಕಡೆಯವರು ಪೋರ್ಟಲ್‌ನಲ್ಲಿ ಬರೆದುಕೊಳ್ಳಲಿ. ಕೆಲಸ ಕೊಡುವವರು ನನಗೆ ಕರೆ ಮಾಡಲಿ, ಮೇಲ್ ಕಳಿಸುವುದು ಬೇಡ.

ಎರಡನೆಯದು, ಮುಜರಾಯಿ ದೇವಸ್ಥಾನಗಳ ಕಲ್ಯಾಣ ಮಂಟಪ, ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ಸಮುದಾಯ ಭವನ ಊರೂರಲ್ಲಿ ಇವೆ. ಅಲ್ಲಿ ಬಾಡಿಗೆ ರಸೀದಿ ಬರೆಯುವ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇಡಿಸಿ. ಉಗ್ರಾಣ ನೋಡುವವರು, ಅಡುಗೆ ಗೊತ್ತಿರುವವರು, ಹೂ ಕಟ್ಟುವವರು, ಹೀಗೆ ಅರವತ್ತು ದಾಟಿದ ಸ್ಥಳೀಯರ ಹೆಸರು, ವಿಳಾಸ, ಫೋನ್ ನಂಬರ್ ಅದರಲ್ಲಿರಲಿ. ಮಂಟಪ ಬುಕ್ ಮಾಡಲು ಬಂದವರು ನೋಡಲಿ. ಇದಕ್ಕೆ ಸಾಫ್ಟ್‌ವೇರ್ ಬೇಡ, ಟೆಂಡರ್ ಬೇಡ. ಪುಸ್ತಕ, ಪೆನ್ನು ಸಾಕು. ಊರಿನ ಎರಡು ಮಂಟಪದಲ್ಲಿ ಒಂದು ವರ್ಷ ಮಾಡಿ ನೋಡಿದರೂ ಗೊತ್ತಾಗುತ್ತದೆ.

ಮೂರನೆಯದು ಹಾಜರಿ. ಸೆಕ್ಯುರಿಟಿ ಇರಲಿ, ಗೋಡೌನ್ ಇರಲಿ, ಅರವತ್ತು ದಾಟಿದವರಿಗೆ ಸಹಿ ಮಾಡುವ ಪುಸ್ತಕವೂ ಇರಬೇಕು ಅಂತ ಕಾರ್ಮಿಕ ಇಲಾಖೆಗೆ ನೀವು ಬರೆಯಿರಿ. ದುಡಿದ ರಾತ್ರಿಗೆ ಕೂಲಿ ಕೊಡದಿರಲು ಸೆಲ್ಫಿ ಕಾರಣ ಆಗಬಾರದು, ಅಲ್ವಾ?

ಕೊನೆಗೆ ಇನ್ನೊಂದು. ಉತ್ತರ ಬರೆಯುವುದಾದರೆ ದಯವಿಟ್ಟು ಕಾಗದದಲ್ಲಿ ಬರೆದು, ಜಿಲ್ಲಾ ಕಚೇರಿಗಳ ನೋಟೀಸ್ ಬೋರ್ಡಿಗೆ ಹಾಕಿಸಿ. ಕೀಪ್ಯಾಡ್ ಫೋನಿನವರು ನಡೆದು ಹೋಗಿ ಓದುತ್ತಾರೆ.

ಇಂತಿ,
ದಾವಣಗೆರೆಯ ಒಬ್ಬ ಉಗ್ರಾಣದ ಯಜಮಾನ